ಮೇಸ್ತ್ರಿಗೆ ಮಾಡಿಸಿದ ಸ್ನಾನ

ಗಿರಾಕಿ ಬಾಯಲ್ಲಿ ಹೇಳುವುದನ್ನು ನಂಬಬಾರದು ಎಂಬುದು ಇಸ್ತ್ರಿ ತಾತ ನಲವತ್ತು ವರ್ಷದಲ್ಲಿ ಕಲಿತ ಪಾಠ. "ಸುಮ್ನೆ ಮಡಚಿ ಕೊಟ್ರೆ ಸಾಕು, ಜಾಸ್ತಿ ಏನೂ ಮಾಡ್ಬೇಡಿ" ಎಂದು ಬಟ್ಟೆಯ ಗಂಟು ಇಟ್ಟು ಹೋದ ಮಹಾಶಯನೇ ಸಂಜೆ ಬಂದು ಅಂಗಿಯ ಕಾಲರನ್ನು ಬೆಳಕಿಗೆ ಹಿಡಿದು ನೋಡುತ್ತಾನೆ. ಮಡಿಕೆ ಗರಿಗರಿಯಾಗಿದ್ದರೆ ಒಳಗೊಳಗೇ ಹಿಗ್ಗುತ್ತಾನೆ, ಇಲ್ಲದಿದ್ದರೆ ಮುಂದಿನ ವಾರದಿಂದ ಬೇರೆ ಅಂಗಡಿ ಹಿಡಿಯುತ್ತಾನೆ. 'ಸಾಕು' ಎನ್ನುವುದು ಬರೀ ಮರ್ಯಾದೆಯ ಮಾತು. ಆದ್ದರಿಂದ ಯಾರಾದರೂ ಸಾಕು ಎಂದರೆ ತಾತ ಒಂದು ಕೈ ಹೆಚ್ಚೇ ಮಾಡುತ್ತಿದ್ದ. ಮಾಡಿದ್ದನ್ನು ಹೇಳಿಕೊಳ್ಳುತ್ತಲೂ ಇರಲಿಲ್ಲ. "ತುಂಬ ಕಷ್ಟ ಕೊಟ್ವೇನೋ" ಎಂದು ಯಾರಾದರೂ ಕೇಳಿದರೆ "ಏನಿಲ್ಲ ಬಿಡಿ, ಹಾಗೇ ಒಂದ್ಸಲ ಕೈಯಾಡಿಸಿದೆ ಅಷ್ಟೆ" ಎಂದು ಸುಳ್ಳು ಹೇಳಿ ಕಳಿಸುತ್ತಿದ್ದ. ಈ ಸುಳ್ಳಿನಿಂದ ನಲವತ್ತು ವರ್ಷದಲ್ಲಿ ಯಾರಿಗೂ ಕೇಡಾಗಿರಲಿಲ್ಲ.

ಅಂಗಡಿ ಎಂದರೆ ಮನೆಯ ಮುಂದಿನ ಕೋಣೆಯೇ. ಬೀದಿಗೆ ತೆರೆದ ಬಾಗಿಲು, ಉದ್ದದ ಮೇಜು, ಅದರ ಮೇಲೆ ಹೊದಿಸಿದ ಹಳೆಯ ಕಂಬಳಿ, ಗೋಡೆಯುದ್ದಕ್ಕೂ ಬಟ್ಟೆಯ ಅಟ್ಟಣಿಗೆ. ಹಿಂದೆ ಎರಡು ಕೋಣೆ, ಅಡುಗೆಮನೆ, ಬಚ್ಚಲು. ತಾತನ ಮಗಳು ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದಳು. ಅಳಿಯ ಲಾರಿ ಓಡಿಸುವವನು, ತಿಂಗಳಿಗೊಮ್ಮೆ ಮುಖ ತೋರಿಸಿದರೆ ಹೆಚ್ಚು. ಮಕ್ಕಳಿಬ್ಬರು. ಒಂಬತ್ತು ವರ್ಷದ ಮೊಮ್ಮಗ ಎದುರುತ್ತರಕ್ಕೆ ಎತ್ತಿದ ಕೈ, ಹಾಗಾಗಿ ಅವನ ಹೆಸರು ವಕೀಲ. ಐದು ವರ್ಷದ ಮೊಮ್ಮಗಳು ಗುಬ್ಬಿ. ಗುಬ್ಬಿಗೆ ಸೊಂಟ ಮುಟ್ಟುವ ಕೂದಲು. ಮಗಳು ಬೆಳಗ್ಗೆ ಎಂಟಕ್ಕೇ ಬಸ್ಸು ಹಿಡಿಯಬೇಕಾದ್ದರಿಂದ ಗುಬ್ಬಿಯ ಜಡೆ ತಾತನ ಪಾಲಿನದು. ಇಸ್ತ್ರಿ ಮಾಡುವಷ್ಟೇ ಶ್ರದ್ಧೆಯಿಂದ ತಾತ ಬೈತಲೆ ತೆಗೆಯುತ್ತಿದ್ದ. ಒಂದು ಎಳೆ ಆಚೀಚೆಯಾದರೂ ಬಿಚ್ಚಿ ಮತ್ತೆ ಹೆಣೆಯುತ್ತಿದ್ದ.

ಇವರೆಲ್ಲರ ಮೇಲೆ ಒಬ್ಬ ಮೇಸ್ತ್ರಿಯಿದ್ದ. ಬಿಳಿ ಮೈ, ಬೂದು ಬಾಲದ ಗಂಡು ಬೆಕ್ಕು. ಇಸ್ತ್ರಿ ಮೇಜಿನ ತುದಿಯಲ್ಲಿ ಕೈಕಾಲು ಮಡಚಿ ಕುಳಿತು, ಅರೆಗಣ್ಣಿನಲ್ಲಿ ತಾತನ ಕೆಲಸವನ್ನೇ ನೋಡುತ್ತಿದ್ದುದರಿಂದ ಆ ಹೆಸರು ಬಂತು. ಕೂಲಿಯವನು ಕೈ ನಿಲ್ಲಿಸಿದರೆ ಮೇಸ್ತ್ರಿಗಳು ಕೆಮ್ಮುತ್ತಾರಲ್ಲ, ಹಾಗೆ ತಾತ ನಿಂತರೆ ಅದು ಒಂದು ಸಲ ಮಿಯಾವ್ ಎನ್ನುತ್ತಿತ್ತು.

ಒಂದು ಬೆಳಗ್ಗೆ ಮೇಸ್ತ್ರಿಯ ಎಡಗಿವಿಯ ಬುಡದಲ್ಲಿ ಒಂದು ರೂಪಾಯಿ ಬಿಲ್ಲೆಯಷ್ಟು ಜಾಗ ಬೋಳಾಗಿದ್ದುದು ತಾತನ ಕಣ್ಣಿಗೆ ಬಿತ್ತು. ಮುಂಗಾಲಿನಲ್ಲಿ ಇನ್ನೊಂದು. ಎರಡೂ ದುಂಡಗೆ, ದಾರ ಹಿಡಿದು ಗೆರೆ ಎಳೆದ ಹಾಗೆ. ಒಳಗೆ ಬೂದಿಯಂಥ ಹೊಟ್ಟು, ಅಂಚಿನಲ್ಲಿ ಮುರಿದು ಮೋಟಾದ ಕೂದಲು. ಇಸ್ತ್ರಿ ಪೆಟ್ಟಿಗೆ ಎಲ್ಲಿ ತಾಗಿಸಿಬಿಟ್ಟೆನೋ ಎಂದುಕೊಂಡ ತಾತ.

"ಸುಟ್ಟಿದ್ರೆ ಕೂಗ್ತಿತ್ತು ತಾತ. ನೀನು ಮಾಡಿದ್ದಲ್ಲ. ಸಾಕ್ಷಿ ಇಲ್ಲ" ಎಂದ ವಕೀಲ.

ಅದೇ ಸಂಜೆ ಮೇಸ್ತ್ರಿಯನ್ನು ಬುಟ್ಟಿಯಲ್ಲಿ ಹಾಕಿಕೊಂಡು ಎಲ್ಲರೂ ಪಶುವೈದ್ಯೆಯ ಬಳಿಗೆ ಹೋದರು. ಬೀದಿಯ ಕೊನೆಯ ತಿರುವಿನಲ್ಲೇ ಆಕೆಯ ಚಿಕಿತ್ಸಾಲಯ. ಚಿಕ್ಕ ವಯಸ್ಸಿನ ಹೆಂಗಸು, ಮಾತು ಕಡಿಮೆ, ಕೈ ಚುರುಕು. ಬಾಗಿಲು ಹಾಕಿ, ದೀಪ ಆರಿಸಿ, ನೇರಳೆ ಬೆಳಕಿನ ಒಂದು ಕೈದೀಪ ಹಿಡಿದಳು. ಕಿವಿಯ ಬುಡದಲ್ಲಿ ಕೆಲವು ಕೂದಲು ಎಳೆ ಹಸಿರಾಗಿ ಹೊಳೆದವು. ಗುಬ್ಬಿ ಚಪ್ಪಾಳೆ ತಟ್ಟಿದಳು. ಹೊಳೆದ ಕೂದಲುಗಳನ್ನೇ ಪಶುವೈದ್ಯೆ ಚಿಮಟದಿಂದ ಕಿತ್ತು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿ, ಇನ್ನಷ್ಟನ್ನು ಪ್ರಯೋಗಾಲಯಕ್ಕೆ ಕಳಿಸಲೆಂದು ಕಟ್ಟಿಟ್ಟಳು.

"ಹುಳುಕಡ್ಡಿ ಅನ್ಸುತ್ತೆ. ಪ್ರಯೋಗಾಲಯದವರು ಬೆಳೆಸಿ ನೋಡಿ ಹೇಳೋಕೆ ಎರಡು ಮೂರು ವಾರ ಬೇಕು. ಅಲ್ಲಿವರೆಗೆ ಕಾಯೋದು ಬೇಡ, ಅದೇ ಅಂದ್ಕೊಂಡು ಶುರು ಮಾಡೋಣ" ಎಂದಳು.

"ಹುಳ ಎಲ್ಲಿದೆ?" ಎಂದು ವಕೀಲ ಬಗ್ಗಿ ನೋಡಿದ.

"ಹೆಸರಲ್ಲಿ ಮಾತ್ರ ಹುಳ ಕಣೋ. ಇದು ಬೂಷ್ಟಿನ ಜಾತಿ. ಒದ್ದೆ ಬಟ್ಟೆ ಮೇಲೆ ಬರುತ್ತಲ್ಲ, ಅದರ ದಾಯಾದಿ. ಕೂದಲಲ್ಲಿ, ಚರ್ಮದಲ್ಲಿ ಬೆಳೆಯುತ್ತೆ. ಇದರಿಂದ ನಿಮಗೂ ಬರ್ಬಹುದು. ಮಕ್ಕಳಿಗೆ ಬೇಗ ಬರುತ್ತೆ" ಎಂದಳು ಪಶುವೈದ್ಯೆ.

ಬೂಷ್ಟು ಎಂದ ಕೂಡಲೇ ತಾತನಿಗೆ ಧೈರ್ಯ ಬಂತು. ಬೂಷ್ಟು ತನ್ನ ಹಳೆಯ ಶತ್ರು, ಎಷ್ಟು ಸಲ ಮಣ್ಣು ಮುಕ್ಕಿಸಿದ್ದೇನೆ ಎಂದುಕೊಂಡ.

ಮಗಳು ಮಾತ್ರ ಬೆಕ್ಕನ್ನು ಮನೆಯಲ್ಲಿಟ್ಟುಕೊಳ್ಳುವುದೋ ಬೇಡವೋ ಎಂದು ಕೇಳಿದಳು. ಗುಬ್ಬಿಯ ತುಟಿ ಆಗಲೇ ಅದುರತೊಡಗಿತ್ತು. ಬಿಡುವ ಅಗತ್ಯವಿಲ್ಲ, ಇದು ವಾಸಿಯಾಗುವ ಕಾಯಿಲೆ, ಆದರೆ ಹೇಳಿದ್ದನ್ನು ಹೇಳಿದ ಹಾಗೆ ಮಾಡಬೇಕು ಎಂದಳು ಪಶುವೈದ್ಯೆ. ಬೆಕ್ಕನ್ನು ಒರೆಸಲು ಸುಲಭವಾದ ಒಂದೇ ಕೋಣೆಯಲ್ಲಿಡಬೇಕು. ಮಕ್ಕಳು ಆ ಕೋಣೆಗೆ ಹೋಗಬಾರದು. ನೋಡಿಕೊಳ್ಳುವವರು ಒಬ್ಬರೇ ಇರಬೇಕು, ಕೈಗವಸು ಹಾಕಬೇಕು, ಒಳಗೆ ಹೋಗುವ ಅಂಗಿಯೇ ಬೇರೆ ಇರಬೇಕು. ಉದುರಿದ ಒಂದೊಂದು ಕೂದಲೂ ಬೀಜವಿದ್ದ ಹಾಗೆ, ತಿಂಗಳುಗಟ್ಟಲೆ ಸಾಯುವುದಿಲ್ಲ, ಒಣ ಪೊರಕೆ ಆಡಿಸಿದರೆ ಮನೆಯೆಲ್ಲ ಹಾರುತ್ತದೆ. ಆದ್ದರಿಂದ ಒದ್ದೆ ಬಟ್ಟೆಯಲ್ಲಿ ಕೂದಲೆಲ್ಲ ತೆಗೆದು, ಆಮೇಲೆ ತೆಳು ಮಾಡಿದ ಬ್ಲೀಚ್ ನೀರಿನಲ್ಲಿ ನೆಲ ಒರೆಸಬೇಕು. ಬಾಯಿಗೆ ಔಷಧಿ ಒಂದು ವಾರ ಕೊಟ್ಟು ಒಂದು ವಾರ ಬಿಡಬೇಕು. ಔಷಧಿಯ ಶಾಂಪೂ ವಾರಕ್ಕೆ ಎರಡು ಸಲ, ನೊರೆಯನ್ನು ಹತ್ತು ನಿಮಿಷ ಮೈಮೇಲೆ ಬಿಟ್ಟು ತೊಳೆಯಬೇಕು. ಮಕ್ಕಳ ಮೈಮೇಲೆ ದುಂಡು ಕಲೆ, ತಲೆಯಲ್ಲಿ ಹೊಟ್ಟು ಅಥವಾ ಕೂದಲು ಮುರಿದ ಜಾಗ ಕಂಡರೆ ಔಷಧಿ ಅಂಗಡಿಯ ಮುಲಾಮು ಹಚ್ಚದೆ ಚರ್ಮದ ವೈದ್ಯರಿಗೆ ತೋರಿಸಬೇಕು, ಮನೆಯಲ್ಲಿ ಹೀಗೊಂದು ಬೆಕ್ಕಿದೆ ಎಂದು ಮರೆಯದೆ ಹೇಳಬೇಕು.

ಮರುದಿನದಿಂದ ತಾತ ಮಾಡಿದ ಚಾಕರಿಯನ್ನು ಕಂಡು ಬೀದಿಯೇ ಮೂಗಿನ ಮೇಲೆ ಬೆರಳಿಟ್ಟಿತು. ಸಾಬೂನಿನ ಚೀಲಗಳಿದ್ದ ಪಕ್ಕದ ಚಿಕ್ಕ ಕೋಣೆ ಖಾಲಿಯಾಯಿತು. ಇಸ್ತ್ರಿ ಮೇಜಿನ ಕಂಬಳಿ ಸುಟ್ಟು ಬೂದಿಯಾಯಿತು. ಹಾಸಿಗೆ, ಹೊದಿಕೆ, ದಿಂಬಿನ ಚೀಲ ಎಲ್ಲ ಕುದಿನೀರು ಕಂಡವು. ಬೆಕ್ಕಿನ ಕೋಣೆಯ ಬಾಗಿಲಿಗೆ ವಕೀಲ ಒಂದು ಹಲಗೆ ತೂಗುಹಾಕಿದ: 'ಒಳಗೆ ಕೈದಿ ಇದ್ದಾನೆ. ಮಕ್ಕಳಿಗೆ ಪ್ರವೇಶವಿಲ್ಲ. ಆಜ್ಞೆ ಮೀರಿದರೆ ತಿಂಡಿ ಇಲ್ಲ.' ಮಗಳು ಪ್ರತಿ ಭಾನುವಾರ ಇಬ್ಬರನ್ನೂ ಕಿಟಕಿಯ ಬೆಳಕಿಗೆ ನಿಲ್ಲಿಸಿ ಕತ್ತು, ತೋಳು, ತಲೆ ನೋಡುತ್ತಿದ್ದಳು. ಏನೂ ಇರಲಿಲ್ಲ. ಮೂರು ವಾರಕ್ಕೆ ಪ್ರಯೋಗಾಲಯದ ಉತ್ತರವೂ ಬಂತು, ಹುಳುಕಡ್ಡಿಯೇ ಹೌದು ಎಂದು.

ಕಷ್ಟವಾದದ್ದು ಗುಬ್ಬಿಗೆ. ಮುಚ್ಚಿದ ಬಾಗಿಲಿನ ಮುಂದೆ ಕುಳಿತು ಮೇಸ್ತ್ರಿಗೆ ಶಾಲೆಯ ಪಾಠವನ್ನೆಲ್ಲ ಒಪ್ಪಿಸುತ್ತಿದ್ದಳು. ಒಂದು ದಿನ ಬಾಗಿಲಿನ ಕೆಳಗಿನ ಸಂದಿಯಲ್ಲಿ ಅವಳ ಬೆರಳು ಆ ಕಡೆ, ಮೇಸ್ತ್ರಿಯ ಪಂಜ ಈ ಕಡೆ ಇದ್ದುದನ್ನು ತಾತ ನೋಡಿಬಿಟ್ಟ. ಅವಳ ಕೈಯನ್ನು ಮೊಣಕೈವರೆಗೆ ಸಾಬೂನು ಹಚ್ಚಿ ತೊಳೆದು, ಸಂದಿಗೆ ಬಟ್ಟೆಯ ಸುರುಳಿ ತುರುಕಿದ. ಗುಬ್ಬಿ ಅತ್ತಳು. ಅವಳು ಜೋರಾಗಿ ಅಳುವವಳಲ್ಲ, ಬಿಕ್ಕುತ್ತಾ ಮೂಲೆ ಸೇರುವವಳು. "ಇನ್ನೆಷ್ಟು ದಿನ ತಾತ?" ಎಂದು ಪ್ರತಿದಿನ ಜಡೆ ಹಾಕಿಸಿಕೊಳ್ಳುವಾಗ ಕೇಳುತ್ತಿದ್ದಳು. ಕನ್ನಡಿಯಲ್ಲಿ ಆ ಮುಖ ನೋಡಲಾರದೆ ತಾತ ಬೈತಲೆಯನ್ನೇ ನೋಡುತ್ತಿದ್ದ.

ಆರು ವಾರವಾಗುವಷ್ಟರಲ್ಲಿ ಬೋಳು ಜಾಗಗಳಲ್ಲಿ ಎಳೆಗೂದಲು ಬಂದಿತ್ತು. ಕೂದಲು ಬಂದ ಮಾತ್ರಕ್ಕೆ ವಾಸಿಯಾಯಿತು ಎಂದಲ್ಲ ಎಂದಳು ಪಶುವೈದ್ಯೆ. ಹೊಸ ಹಲ್ಲುಜ್ಜುವ ಬ್ರಷ್ಷಿನಲ್ಲಿ ಬೆಕ್ಕಿನ ಮೈಯೆಲ್ಲ ಬಾಚಿ, ಬ್ರಷ್ಷಿಗೆ ಸಿಕ್ಕ ಕೂದಲು ಹೊಟ್ಟನ್ನು ಬೆಳೆಸಲು ಇಡಬೇಕು. ಒಂದು ವಾರ ಬಿಟ್ಟು ಇನ್ನೊಂದು ಸಲ. ಎರಡರಲ್ಲೂ ಏನೂ ಬೆಳೆಯದಿದ್ದರೆ ಮಾತ್ರ ಬಾಗಿಲು ತೆರೆಯಬಹುದು.

"ಒಂದು ವಿಷಯ. ಬ್ರಷ್ ಹಾಕೋ ಮುಂಚೆ ಮೂರು ದಿನ ಸ್ನಾನ ಏನೂ ಬೇಡ. ಹೇಗಿದ್ಯೋ ಹಾಗೇ ಕರ್ಕೊಂಡು ಬನ್ನಿ ಸಾಕು" ಎಂದಳು.

ಸಾಕು. ಆ ಮಾತು ಕೇಳಿದ ಕೂಡಲೇ ತಾತನ ನಲವತ್ತು ವರ್ಷದ ಪಾಠ ಒಳಗೆ ಎದ್ದು ಕುಳಿತಿತು. ಪಾಪ, ವಯಸ್ಸಾದವನಿಗೆ ತೊಂದರೆ ಕೊಡಬಾರದೆಂದು ಹೇಳುತ್ತಿದ್ದಾಳೆ ಎಂದುಕೊಂಡ. ಅಂಥ ಓದಿದ ಹೆಣ್ಣುಮಗಳ ಮೇಜಿನ ಮೇಲೆ ಮೂರು ದಿನದ ಕೊಳೆ ಬೆಕ್ಕನ್ನು ಕೂರಿಸುವುದೇ? ಇಸ್ತ್ರಿ ತಾತನ ಮನೆಯಿಂದ ಒಂದು ಕರವಸ್ತ್ರವೂ ಹಾಗೆ ಹೊರಗೆ ಹೋದದ್ದಿಲ್ಲ.

ಬ್ರಷ್ ಹಾಕುವ ಹಿಂದಿನ ಮಧ್ಯಾಹ್ನ, ಮಗಳು ಕೆಲಸದಲ್ಲಿ, ಮಕ್ಕಳು ಶಾಲೆಯಲ್ಲಿದ್ದಾಗ, ತಾತ ಮೇಸ್ತ್ರಿಯನ್ನು ಬಚ್ಚಲಿಗೆ ಒಯ್ದ. ಬೆಚ್ಚಗಿನ ನೀರು, ಔಷಧಿಯ ಶಾಂಪೂ, ಒಂದು ಸಲವಲ್ಲ, ಎರಡು ಸಲ. ಹತ್ತು ನಿಮಿಷವಲ್ಲ, ಇಪ್ಪತ್ತು ನಿಮಿಷ. ರೇಷ್ಮೆ ಬಟ್ಟೆಯನ್ನು ಹಿಂಡದೆ ಒತ್ತುತ್ತಾರಲ್ಲ, ಹಾಗೆ ಒತ್ತಿ ಒತ್ತಿ ಒರೆಸಿದ. ಮೇಸ್ತ್ರಿ ಮೊದಲ ಬಾರಿಗೆ ಕೂಲಿಯವನ ಮೇಲೆ ಕೈ ಮಾಡಿತು, ಮಣಿಕಟ್ಟಿನಲ್ಲಿ ಮೂರು ಗೀರು ಬಿದ್ದವು. ಬಿಸಿಲಲ್ಲಿ ಒಣಗಿದ ಮೇಲೆ ಬೆಕ್ಕು ಮಲ್ಲಿಗೆ ಮೊಗ್ಗಿನ ಹಾಗೆ ಬೆಳ್ಳಗಾಯಿತು.

ಮರುದಿನ ಪಶುವೈದ್ಯೆ ಮೇಸ್ತ್ರಿಯ ಮೈಮೇಲೆ ಕೈಯಾಡಿಸಿ ಮುಗುಳ್ನಕ್ಕಳು. "ಎಷ್ಟು ಚೆನ್ನಾಗಿ ನೋಡ್ಕೊಂಡಿದ್ದೀರಿ ತಾತ. ಎಲ್ರೂ ನಿಮ್ಮ ಥರ ಇದ್ರೆ ನನ್ನ ಕೆಲಸ ಎಷ್ಟು ಸುಲಭ."

ತಾತನ ಕಿವಿ ಬಿಸಿಯಾಯಿತು. ಈ ವಯಸ್ಸಿನಲ್ಲೂ ಹೊಗಳಿಕೆ ಎಂದರೆ ಹಾಗೆ.

ಬ್ರಷ್ಷನ್ನು ಕಾಗದದಿಂದ ಬಿಡಿಸುತ್ತಾ ಆಕೆ ಕೇಳಿದಳು: "ಸ್ನಾನ ಆಗಿ ಎಷ್ಟು ದಿನ ಆಯ್ತು?"

"ನಾಲ್ಕು ದಿನ ಆಯ್ತಮ್ಮ."

ಯೋಚಿಸಿ ಹೇಳಿದ ಸುಳ್ಳಲ್ಲ ಅದು. "ಏನಿಲ್ಲ ಬಿಡಿ, ಹಾಗೇ ಒಂದ್ಸಲ ಕೈಯಾಡಿಸಿದೆ" ಎನ್ನುವಷ್ಟೇ ಸಲೀಸಾಗಿ ಬಾಯಿಗೆ ಬಂತು. ಪಟ್ಟ ಶ್ರಮವನ್ನು ಹೇಳಿಕೊಳ್ಳುವುದು ಸಣ್ಣತನ. ಮುಂದಿನ ವಾರವೂ ಹಾಗೇ ಆಯಿತು. ಅದೇ ಸ್ನಾನ, ಅದೇ ಪ್ರಶ್ನೆ, ಅದೇ ನಾಲ್ಕು ದಿನ.

ಎರಡು ಬ್ರಷ್ಷಿನಲ್ಲೂ ಏನೂ ಬೆಳೆಯಲಿಲ್ಲ. ಪಶುವೈದ್ಯೆ ಔಷಧಿ ನಿಲ್ಲಿಸಲು ಹೇಳಿದಳು. ಬಾಗಿಲು ತೆರೆದ ಸಂಜೆ ವಕೀಲ ಹಲಗೆಯನ್ನು ತಿರುಗಿಸಿ 'ಕೈದಿ ನಿರ್ದೋಷಿ' ಎಂದು ಬರೆದ. ಗುಬ್ಬಿ ಮೇಸ್ತ್ರಿಯನ್ನು ಎತ್ತಿಕೊಂಡು ಮನೆಯೆಲ್ಲ ಸುತ್ತಿದಳು, ಅವತ್ತಿನಿಂದ ಅದನ್ನು ತಲೆದಿಂಬಿನ ಪಕ್ಕದಲ್ಲೇ ಮಲಗಿಸಿಕೊಂಡಳು. ಭಾನುವಾರದ ತಪಾಸಣೆ ನಿಂತಿತು. ಅಷ್ಟು ಸಂತೋಷವಾಗಿ ಆ ಮನೆ ಬಹಳ ದಿನದಿಂದ ಇರಲಿಲ್ಲ.

ಒಂದು ತಿಂಗಳ ಮೇಲೆ, ಜಡೆ ಹಾಕುವಾಗ, ಗುಬ್ಬಿಯ ನೆತ್ತಿಯ ಹಿಂದೆ ಸ್ವಲ್ಪ ಹೊಟ್ಟು ಕಂಡಿತು. ಬೆಕ್ಕು ವಾಸಿಯಾಗಿದೆಯಲ್ಲ, ಎಣ್ಣೆ ಕಡಿಮೆಯಾಗಿದೆ ಅಷ್ಟೆ ಎಂದು ತಾತ ಎಣ್ಣೆ ತಿಕ್ಕಿದ. ಮರುವಾರ ಅಲ್ಲಿ ಕೂದಲು ಗಿಡ್ಡಗೆ ಮುರಿದಿತ್ತು, ಬಾಚಣಿಗೆ ಎಳೆದು ಮುರಿದೆನೇನೋ ಎಂದು ಬೆರಳಲ್ಲೇ ಬಿಡಿಸತೊಡಗಿದ. ಆಮೇಲೆ ಅಲ್ಲಿ ಊತ ಬಂತು. ಮೆತ್ತಗೆ, ಒತ್ತಿದರೆ ಕೀವು ಒಸರುವ ಊತ. ಗುಬ್ಬಿಗೆ ಜ್ವರವೂ ಬಂತು. ಮಗಳು ರಜೆ ಹಾಕಿ, ತಂದೆಯನ್ನೂ ಕರೆದುಕೊಂಡು ಹತ್ತಿರದ ವೈದ್ಯರ ಬಳಿಗೆ ಓಡಿದಳು.

ಕುರು ಇರಬಹುದು ಎಂದರು ವೈದ್ಯರು. ಆಮೇಲೆ, ಕೇಳಬೇಕಾದದ್ದನ್ನೇ ಕೇಳಿದರು: "ಮನೇಲಿ ನಾಯಿ ಬೆಕ್ಕು ಏನಾದ್ರೂ ಇದ್ಯಾ?"

"ಬೆಕ್ಕಿದೆ ಡಾಕ್ಟ್ರೇ. ಅದಕ್ಕೆ ಹುಳುಕಡ್ಡಿ ಆಗಿತ್ತು. ಆದ್ರೆ ವಾಸಿಯಾಗಿದೆ, ಎರಡೆರಡು ಸಲ ಪರೀಕ್ಷೆ ಮಾಡ್ಸಿದ್ದೀವಿ. ಏನೂ ಇಲ್ಲ ಅಂತ ಬಂದಿದೆ" ಎಂದಳು ಮಗಳು. ಹೇಳುವಾಗ ತಂದೆಯ ಕಡೆ ಹೆಮ್ಮೆಯಿಂದ ನೋಡಿದಳು.

ತಾತ ತಲೆಯಾಡಿಸಿದ.

ವೈದ್ಯರು ಕುರುವಿನ ಮಾತ್ರೆ ಬರೆದರು. ಒಂದು ವಾರ ಕಳೆಯಿತು, ಊತ ಇಳಿಯಲಿಲ್ಲ. ಮಾತ್ರೆ ಬದಲಾಯಿತು, ಇನ್ನೊಂದು ವಾರ. ಊತದ ಮೇಲಿನ ಕೂದಲು ಮುಟ್ಟಿದರೆ ಕೈಗೆ ಬರುತ್ತಿತ್ತು. ಕೊನೆಗೆ ಅವರೇ ದೊಡ್ಡ ಆಸ್ಪತ್ರೆಯ ಚರ್ಮದ ವೈದ್ಯರಿಗೆ ಚೀಟಿ ಕೊಟ್ಟರು. ಚರ್ಮದ ವೈದ್ಯರು ವಯಸ್ಸಾದವರು. ಮೋಟು ಕೂದಲನ್ನು ಕಿತ್ತು ಸೂಕ್ಷ್ಮದರ್ಶಕದಲ್ಲಿ ನೋಡಿ, ಕನ್ನಡಕ ತೆಗೆದು ಹೇಳಿದರು: "ತಲೆಯ ಹುಳುಕಡ್ಡಿ ಇದು, ಉಲ್ಬಣ ಆಗಿದೆ. ಸದ್ಯ, ಕುರು ಅಂತ ಯಾರೂ ಕೊಯ್ದಿಲ್ಲ. ಬಾಯಿಗೆ ಔಷಧಿ ಕೊಡ್ತೀನಿ, ಎರಡು ತಿಂಗಳು ಒಂದು ದಿನವೂ ತಪ್ಪಿಸಬಾರದು. ಬರೀ ಮುಲಾಮಿಗೆ ಇದು ಹೋಗಲ್ಲ. ಕಾಯಿಲೆ ವಾಸಿಯಾಗುತ್ತೆ. ಆದ್ರೆ ಮಧ್ಯದಲ್ಲಿ ಬೇರು ಸತ್ತಿರೋ ಕಡೆ ಕೂದಲು ಬರಲಿಕ್ಕಿಲ್ಲ. ಎರಡು ಮೂರು ವಾರ ಮೊದಲೇ ಬಂದಿದ್ರೆ..."

ಅವರು ಮುಗಿಸಲಿಲ್ಲ. ಒಳ್ಳೆಯ ಮನುಷ್ಯರು, ಆದರೆ ಆ ಮಾತನ್ನು ಶುರು ಮಾಡದಿದ್ದರೇ ಚೆನ್ನಾಗಿತ್ತು.

ಮೇಸ್ತ್ರಿಯನ್ನು ಮತ್ತೆ ಬುಟ್ಟಿಯಲ್ಲಿ ಹಾಕಿಕೊಂಡು ತಾತ ಒಬ್ಬನೇ ಪಶುವೈದ್ಯೆಯ ಬಳಿಗೆ ಹೋದ. ಈ ಸಲ ಸ್ನಾನ ಮಾಡಿಸಿರಲಿಲ್ಲ, ಮಾಡಿಸಲು ಯಾರಿಗೂ ಕೈ ಬಂದಿರಲಿಲ್ಲ. ನೇರಳೆ ದೀಪದಡಿಯಲ್ಲಿ ಬಾಲದ ಬುಡದ ಕೂದಲು ಹಸಿರಾಗಿ ಹೊಳೆದವು. ಪಶುವೈದ್ಯೆ ದೀಪ ಹಿಡಿದುಕೊಂಡೇ ನಿಂತಳು.

"ಇದು ಹೇಗಾಯ್ತು? ಎರಡು ಸಲವೂ ಏನೂ ಬೆಳೀಲಿಲ್ಲ. ಹೊರಗಡೆಯಿಂದ ಮತ್ತೆ ಅಂಟಿಸ್ಕೊಂಡು ಬಂತಾ? ಹೊರಗೆ ಬಿಟ್ಟಿದ್ರಾ?"

"ಇಲ್ಲಮ್ಮ."

"ಹಾಗಾದ್ರೆ ಬ್ರಷ್ ಹಾಕಿದಾಗ್ಲೂ ಒಳಗೆ ಇದ್ದಿರ್ಬೇಕು. ಆದ್ರೆ ಇದ್ದಿದ್ರೆ ಬೆಳೀಬೇಕಿತ್ತು. ಮೈಮೇಲೆ ಔಷಧಿ ಅಂಟಿಕೊಂಡಿದ್ರೆ ಮಾತ್ರ ಬೆಳೆಯಲ್ಲ. ಕೂದಲಿನ ಜೊತೆ ಔಷಧಿನೂ ಬ್ರಷ್ಷಿಗೆ ಬಂದು, ಪ್ರಯೋಗಾಲಯದ ತಟ್ಟೆಯಲ್ಲಿ ಬೂಷ್ಟನ್ನ ಏಳೋಕೆ ಬಿಡಲ್ಲ. ಅದಕ್ಕೇ ಅಲ್ವಾ ನಾನು ಸ್ನಾನ ಬೇಡ ಅಂದಿದ್ದು."

ತಾತ ಮೇಜಿನ ಅಂಚನ್ನು ಹಿಡಿದುಕೊಂಡ. ಮೇಸ್ತ್ರಿ ಅವನನ್ನೇ ಅರೆಗಣ್ಣಿನಿಂದ ನೋಡುತ್ತಿತ್ತು.

"ನಾಲ್ಕು ದಿನ ಅಂದೆನಲ್ಲಮ್ಮ, ಅದು ಸುಳ್ಳು. ಹಿಂದಿನ ದಿನವೇ ಮಾಡಿಸಿದ್ದೆ. ಎರಡು ಸಲವೂ. ಕೊಳೆ ಬೆಕ್ಕನ್ನ ನಿಮ್ಮ ಮುಂದೆ ಹೇಗೆ ತರೋದು ಅಂತ... ನೀವು ಮರ್ಯಾದೆಗೆ ಸಾಕು ಅಂತಿದ್ದೀರಿ ಅಂದ್ಕೊಂಡೆ."

ಪಶುವೈದ್ಯೆ ದೀಪ ಹಾಕಿ, ಕೈಗವಸು ತೆಗೆದು ಸ್ಟೂಲಿನ ಮೇಲೆ ಕುಳಿತಳು. "ಬೇಡ ಅಂತ ಹೇಳ್ದೆ, ಯಾಕೆ ಬೇಡ ಅಂತ ಹೇಳ್ಲಿಲ್ಲ. ಬೆಕ್ಕು ಅಷ್ಟು ಬೆಳ್ಳಗಿತ್ತು, ಮೂಗಿಗೆ ಶಾಂಪೂ ವಾಸನೆನೂ ಬಂದಿತ್ತು. ಅಷ್ಟಾದ್ರೂ ನನಗೆ ಅನುಮಾನ ಬರ್ಲಿಲ್ಲ. ನನ್ನ ತಪ್ಪೂ ಇದೆ ತಾತ."

ಅದು ಆಕೆಯ ದೊಡ್ಡ ಮನಸ್ಸು. ಆದರೆ ಪಾಲು ಮಾಡಿಕೊಂಡರೆ ಕಡಿಮೆಯಾಗುವ ತಪ್ಪು ಇದಲ್ಲ ಎಂದು ತಾತನಿಗೆ ಗೊತ್ತಿತ್ತು. ಕೊಳೆಯಲ್ಲೇ ಸತ್ಯವಿತ್ತು, ಅದನ್ನು ಅವನೇ ಕೈಯಾರೆ ತೊಳೆದು, ಒಣಗಿಸಿ, ಸುಳ್ಳನ್ನು ಮಡಚಿ ಕೊಟ್ಟಿದ್ದ.

ಮನೆಗೆ ಬಂದಾಗ ಮಗಳು ಅಡುಗೆಮನೆಯಲ್ಲಿ ನೆಲದ ಮೇಲೆ ಕುಳಿತಿದ್ದಳು. ಗುಬ್ಬಿ ಔಷಧಿ ಕುಡಿದು ನಿದ್ದೆ ಹೋಗಿದ್ದಳು.

"ನನ್ನಿಂದಾನೇ ಆಗಿದ್ದು ಅಪ್ಪಾ" ಎಂದಳು ಮಗಳು. "ಆ ಡಾಕ್ಟ್ರು ಕೇಳಿದ್ರು. ಬೆಕ್ಕಿದೆಯಾ ಅಂತ ಸರಿಯಾಗಿ ಕೇಳಿದ್ರು. ವಾಸಿಯಾಗಿದೆ, ಏನೂ ಇಲ್ಲ ಅಂತ ನಾನೇ ಅವರ ಬಾಯಿ ಮುಚ್ಚಿಸ್ದೆ. ಸುಮ್ನೆ ಬೆಕ್ಕಿದೆ ಅಂದಿದ್ರೆ ಅವತ್ತೇ ನೋಡ್ತಿದ್ರು."

ಇಲ್ಲಿ ಸುಮ್ಮನಿದ್ದುಬಿಡಬಹುದಿತ್ತು. ಪಶುವೈದ್ಯೆ ಮನೆಮನೆಗೆ ಹೋಗಿ ಡಂಗುರ ಹೊಡೆಯುವವಳಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ತಾತನೂ ಕಣ್ಣು ಮುಚ್ಚಿಕೊಂಡಿದ್ದರೆ ಮಗಳು ತನ್ನನ್ನೇ ಬೈದುಕೊಳ್ಳುತ್ತಾ ದಿನ ಕಳೆಯುತ್ತಿದ್ದಳು. ಒಂದು ಕ್ಷಣ ಆ ಯೋಚನೆ ಬಂದದ್ದೂ ನಿಜ. ಆ ಒಂದು ಕ್ಷಣಕ್ಕಾಗಿ ತಾತ ತನ್ನನ್ನು ಇಂದಿಗೂ ಕ್ಷಮಿಸಿಕೊಂಡಿಲ್ಲ.

ಗೋಡೆ ಹಿಡಿದು ಅವಳ ಎದುರು ನೆಲಕ್ಕೆ ಕುಳಿತು ಎಲ್ಲ ಹೇಳಿದ. ಬಚ್ಚಲು, ಶಾಂಪೂ, ಇಪ್ಪತ್ತು ನಿಮಿಷ, ನಾಲ್ಕು ದಿನ. ಆ ವೈದ್ಯರ ಎದುರು ತಲೆಯಾಡಿಸಿದ್ದನ್ನೂ ಹೇಳಿದ.

ಮಗಳು ಕೂಗಾಡಲಿಲ್ಲ. ಕೂಗಾಡಿದ್ದರೆ ತಾತನಿಗೆ ಅಷ್ಟು ಹಗುರವಾಗುತ್ತಿತ್ತು. ಸೆರಗಿನಲ್ಲಿ ಮುಖ ಒರೆಸಿಕೊಂಡು, ಎದ್ದು ನಿಂತು, ಒಲೆಯ ಕಡೆ ತಿರುಗಿ ಹೇಳಿದಳು: "ನಾಳೆಯಿಂದ ಅವಳ ತಲೆ ನಾನೇ ಬಾಚ್ತೀನಿ ಅಪ್ಪಾ. ನೀನು ಮುಟ್ಬೇಡ."

"ಆಗ್ಲಮ್ಮ" ಎಂದ ತಾತ.

ಮೇಸ್ತ್ರಿ ಮತ್ತೆ ಕೋಣೆ ಸೇರಿತು. ದಿಂಬು, ಬಾಚಣಿಗೆ, ಕೂದಲ ಪಟ್ಟಿ ಎಲ್ಲ ಹೊರಗೆ ಹೋದವು, ಹಾಸಿಗೆ ಮತ್ತೆ ಕುದಿನೀರು ಕಂಡಿತು. ವಕೀಲನ ತಲೆಯನ್ನೂ ಚರ್ಮದ ವೈದ್ಯರು ನೋಡಿದರು, ಅವನಿಗೆ ಅಂಟಿರಲಿಲ್ಲ. ಈ ಸಲ ತಾತ ಹೇಳಿದಷ್ಟೇ ಮಾಡಿದ. ಹತ್ತು ನಿಮಿಷ ಎಂದರೆ ಗಡಿಯಾರ ನೋಡಿ ಹತ್ತೇ ನಿಮಿಷ. ಬ್ರಷ್ ಹಾಕುವ ಮುಂಚಿನ ಮೂರು ದಿನ ಬೆಕ್ಕಿನ ಮೈಗೆ ನೀರಿನ ಹನಿ ಸೋಕಿಸಲಿಲ್ಲ. ಕೊಳೆ ಬೆಕ್ಕನ್ನು ಎತ್ತಿಕೊಂಡು ಬೀದಿಯಲ್ಲಿ ನಡೆಯುವಾಗ ನಾಚಿಕೆಯೂ ಆಗಲಿಲ್ಲ. ಮೊದಲ ಸಲ ಬ್ರಷ್ಷಿನಲ್ಲಿ ಬೂಷ್ಟು ಬೆಳೆಯಿತು. ಔಷಧಿ ಮುಂದುವರಿಯಿತು. ಎಷ್ಟೋ ವಾರದ ನಂತರ ಒಂದು ಬ್ರಷ್ಷಿನಲ್ಲಿ ಏನೂ ಬೆಳೆಯಲಿಲ್ಲ, ಮುಂದಿನದರಲ್ಲೂ ಇಲ್ಲ. ಪಶುವೈದ್ಯೆ ಪ್ರತಿ ಸಲವೂ "ಸ್ನಾನ ಆಗಿ ಎಷ್ಟು ದಿನ?" ಎಂದು ಕೇಳುತ್ತಿದ್ದಳು. ತಾತ ಪ್ರತಿ ಸಲವೂ ಬೆರಳು ಮಡಚಿ ಎಣಿಸಿ ಹೇಳುತ್ತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ.

ಗುಬ್ಬಿಯ ಊತ ಇಳಿಯಿತು. ಸುತ್ತಲೂ ಕೂದಲು ಬಂತು. ನಡುವೆ ಮಾತ್ರ ಕೋಟಿನ ಗುಂಡಿಯಷ್ಟು ಜಾಗ ನುಣ್ಣಗೆ, ಹೊಳೆಯುತ್ತಾ ಉಳಿಯಿತು. ಅಂಗಿಯ ಗುಂಡಿ ಕಿತ್ತುಹೋದರೆ ತಾತನ ಡಬ್ಬಿಯಲ್ಲಿ ಅಂಥದ್ದೇ ಇನ್ನೊಂದು ಸಿಗುತ್ತಿತ್ತು. ಇದಕ್ಕೆ ಅವನ ಬಳಿ ಏನೂ ಇರಲಿಲ್ಲ. ಮಗಳು ಬೆಳಗ್ಗೆ ಬೇಗನೆ ಎದ್ದು, ಸುತ್ತಲಿನ ಕೂದಲನ್ನು ಆ ಜಾಗದ ಮೇಲೆ ಎಳೆದು, ನಾಲ್ಕೈದು ಪಿನ್ನು ಚುಚ್ಚಿ, ಬಿಗಿಯಾಗಿ ಹೆಣೆದು ಮುಚ್ಚುತ್ತಿದ್ದಳು. ಗುಬ್ಬಿ ಹಲ್ಲು ಕಚ್ಚಿ ಕೂರುತ್ತಿದ್ದಳು. ತಾತ ಮುಂದಿನ ಕೋಣೆಯಲ್ಲಿ ಬೆನ್ನು ಹಾಕಿ ಇಸ್ತ್ರಿ ಮಾಡುತ್ತಿದ್ದ.

ವರ್ಷ ತುಂಬುತ್ತಾ ಬಂದಿತ್ತು. ಒಂದು ಬೆಳಗ್ಗೆ ಅಂಚೆ ಕಚೇರಿಯಲ್ಲಿ ತಪಾಸಣೆ ಇದೆ ಎಂದು ಮಗಳು ಏಳು ಗಂಟೆಗೇ ಹೊರಟಳು. ಬಾಗಿಲಲ್ಲಿ ನಿಂತು ಒಂದು ಗಳಿಗೆ ತಡೆದು, "ಅಪ್ಪಾ, ಗುಬ್ಬಿ ಜಡೆ..." ಎಂದಳು. ಅಷ್ಟೇ ಹೇಳಿ ಹೋದಳು.

ಗುಬ್ಬಿ ಬಾಚಣಿಗೆ ಹಿಡಿದು ಬಂದು ತಾತನ ಮುಂದೆ, ಹಳೆಯ ಜಾಗದಲ್ಲೇ, ಬೆನ್ನು ತಿರುಗಿಸಿ ಕುಳಿತಳು. ಮೇಜಿನ ತುದಿಯಲ್ಲಿ ಮೇಸ್ತ್ರಿ. ತಾತ ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದ. ಸುತ್ತಲಿನ ಕೂದಲನ್ನು ಆ ಕಡೆಯಿಂದ ಒಂದಿಷ್ಟು, ಈ ಕಡೆಯಿಂದ ಒಂದಿಷ್ಟು ತೆಗೆದು ಆ ಜಾಗದ ಮೇಲೆ ಎಳೆಯತೊಡಗಿದ. ಮಗಳಿಗಿಂತ ನೀಟಾಗಿ ಮುಚ್ಚಬಲ್ಲೆ, ಯಾರಿಗೂ ಗೊತ್ತಾಗದ ಹಾಗೆ ಮುಚ್ಚಬಲ್ಲೆ ಎಂದುಕೊಂಡ.

"ಪಿನ್ನು ಬೇಡ ತಾತ, ನೋಯುತ್ತೆ" ಎಂದಳು ಗುಬ್ಬಿ. "ಸುಮ್ನೆ ಕಟ್ಟಿದ್ರೆ ಸಾಕು."

ತಾತನ ಕೈ ನಿಂತಿತು. ಮೇಸ್ತ್ರಿ ಒಂದು ಸಲ ಮಿಯಾವ್ ಎಂದಿತು.

"ಆ ಜಾಗ ಕಾಣ್ಸುತ್ತೆ ಮಗಾ."

"ಕಾಣ್ಲಿ."

ತಾತ ಹಿಡಿದಿದ್ದ ಎಳೆಗಳನ್ನು ಬಿಟ್ಟ. ಕೂದಲನ್ನೆಲ್ಲ ಒಂದೇ ಹಿಡಿಯಲ್ಲಿ ಹಿಂದಕ್ಕೆ ಒಟ್ಟುಮಾಡಿ, ಒಂದು ಪಟ್ಟಿ ಹಾಕಿ, ಸುಮ್ಮನೆ ಕಟ್ಟಿದ. ಒಂದು ಎಳೆ ಕಿವಿಯ ಬಳಿ ತಪ್ಪಿಸಿಕೊಂಡು ನೇತಾಡುತ್ತಿತ್ತು, ಅದನ್ನೂ ಹಾಗೇ ಬಿಟ್ಟ. ಗುಬ್ಬಿ ಚೀಲ ಹೆಗಲಿಗೇರಿಸಿ ಅಣ್ಣನ ಹಿಂದೆ ಓಡಿದಳು. ಬೀದಿಯ ತಿರುವಿನವರೆಗೂ ಬೆಳಗಿನ ಬಿಸಿಲಲ್ಲಿ ಆ ಗುಂಡಿಯಷ್ಟು ಜಾಗ ಕಾಣುತ್ತಲೇ ಇತ್ತು. ತಾತ ಕಣ್ಣು ತೆಗೆಯದೆ ಅದನ್ನೇ ನೋಡುತ್ತಾ ನಿಂತಿದ್ದ.